ಗೃಹಲೇಖನ: ವಿವಾಹದ ವಿವರಪತ್ರವನ್ನು ಒಂದೇ ಪುಟದಲ್ಲಿ ಬರೆಯುವ ಕ್ರಮ

ಗೃಹಸ್ಥರು ಬರೆಯಬೇಕಾಗಿ ಬರುವ ಕಾಗದಗಳಲ್ಲಿ ವಿವಾಹದ ವಿವರಪತ್ರವೂ ಒಂದು. ಇದನ್ನು ಈಗ ಎಲ್ಲರೂ ಬಯೋಡೇಟಾ ಎಂದೇ ಕರೆಯುವರು. ಹಿಂದೆ ಜಾತಕದ ನಕಲೊಂದನ್ನು ಕೊಟ್ಟು ಮಿಕ್ಕುದನ್ನು ಬಾಯಿಮಾತಿನಲ್ಲಿ ತಿಳಿಸುವುದು ರೂಢಿಯಾಗಿತ್ತು. ಹಾಗೆ ತಿಳಿಸುವವನು ಉಭಯ ಕುಟುಂಬಗಳಿಗೂ ಬೇಕಾದವನಾಗಿರುತ್ತಿದ್ದನು. ಈಗಲಾದರೋ ಹಾಳೆಯು ಒಂದು ಮೊಬೈಲಿನಿಂದ ಮತ್ತೊಂದಕ್ಕೆ ಹೋಗುತ್ತ, ನಮ್ಮನ್ನು ಕಂಡರಿಯದವರ ಕೈಯನ್ನು ಸೇರುವುದು. ಅದನ್ನು ಓದುವ ಹೊತ್ತಿನಲ್ಲಿ ಸಂದೇಹ ಬಂದರೆ ಪರಿಹರಿಸಲು ನಾವು ಅಲ್ಲಿರುವುದಿಲ್ಲ. ಆದುದರಿಂದ ಅದರ ಪ್ರತಿಯೊಂದು ಸಾಲೂ ವಿವರಣೆಯಿಲ್ಲದೆ ಅರ್ಥವಾಗುವಂತಿರಬೇಕು. ವಿಚಾರಿಸಿ ನೋಡಿದರೆ ನಿಜವೆಂದು ಕಾಣುವಂತಿರಬೇಕು. ಈ ಎರಡು ಗುಣಗಳನ್ನು ತರುವ ಕ್ರಮವನ್ನು ಒಂದು ಉದಾಹರಣೆಯಿಂದಲೇ ತಿಳಿಸುವೆನು.

ಪರಿಚಿತ ಗೃಹಸ್ಥರೊಬ್ಬರು ತಮ್ಮ ಎರಡನೆಯ ಮಗಳ ವಿಷಯವಾಗಿ ಒಂದು ಟಿಪ್ಪಣಿಯನ್ನು ತಂದು, “ಮೇಷ್ಟ್ರೇ, ಇದನ್ನು ಒಂದು ಪುಟಕ್ಕೆ ಅಂದವಾಗಿ ತಂದುಕೊಡಬೇಕು” ಎಂದು ಕೇಳಿದರು. ಅವರ ಒಪ್ಪಿಗೆಯನ್ನು ಪಡೆದು, ಹೆಸರುಗಳನ್ನು ಬಿಟ್ಟು, ಗುರುತು ಸಿಕ್ಕದಂತೆ ಕೆಲವು ವಿವರಗಳನ್ನು ಬದಲಿಸಿ ಅದನ್ನು ಇಲ್ಲಿ ಕೊಟ್ಟಿದೆ:

“ಹುಡುಗಿ ಬಿ.ಇ., ಎಂ.ಟೆಕ್. ಮಾಡುತ್ತಿದ್ದಾಳೆ. ಬೆಂಗಳೂರಿನಲ್ಲಿ ಕೆಲಸ, ಸಂಬಳ 1 ಲಕ್ಷ. ಒಳ್ಳೆಯ ಗುಣ, ಹಾಡು ಬರುತ್ತದೆ. ಎತ್ತರ 5.3. ಹುಟ್ಟಿದ್ದು 24-11-1996 ಭಾನುವಾರ ರಾತ್ರಿ 1-20, ತುಮಕೂರು. ಕೃತಿಕ ನಕ್ಷತ್ರ 3ನೇ ಪಾದ, ಮೇಷ ರಾಶಿ. ಭಾರಧ್ವಾಜ ಗೋತ್ರ. ಪಿ.ಯು.ಸಿ.ಯಲ್ಲಿ ಶೇ. 91. ತಂದೆ ರಿಟೈರ್ಡ್. ಅಕ್ಕನಿಗೆ ಮದುವೆಯಾಗಿದೆ. ತಮ್ಮ ಓದುತ್ತಿದ್ದಾನೆ. ಚಿಕ್ಕಪ್ಪ ಅಮೆರಿಕದಲ್ಲಿ. ಸ್ವಂತ ಮನೆ, ಎರಡು ಸೈಟು, 4 ಎಕರೆ ತೆಂಗಿನ ತೋಟ, ಮೂರರಲ್ಲಿ ಒಂದು ಪಾಲು ಹುಡುಗಿಗೆ. ಸಂಸ್ಕಾರವಂತ ಕುಟುಂಬ ಬೇಕು.” ಕೆಳಗೆ ಮನೆಯ ಪೂರ್ಣ ವಿಳಾಸ, ಅದರ ಕೆಳಗೆ ಹುಡುಗಿಯ ಮೊಬೈಲಿನ ಸಂಖ್ಯೆ.

ಇಂತಹ ಟಿಪ್ಪಣಿಯನ್ನು ಕಂಡ ಕೂಡಲೇ ಬೆರಳಚ್ಚು ಮಾಡಲು ತೊಡಗಬಾರದು. ಮೊದಲು ಬರಿಯ ಹಾಳೆಯೊಂದರಲ್ಲಿ ಸ್ವವಿವರ, ವಿದ್ಯೆ ಮತ್ತು ಉದ್ಯೋಗ, ಕುಟುಂಬ, ಸಂಪರ್ಕ ಎಂಬ ನಾಲ್ಕು ಶೀರ್ಷಿಕೆಗಳನ್ನು ನಡುವೆ ಸ್ಥಳ ಬಿಟ್ಟು ಬರೆಯತಕ್ಕದ್ದು. ಬಳಿಕ ಟಿಪ್ಪಣಿಯ ಒಂದೊಂದು ಸಂಗತಿಯನ್ನೂ ಅದರ ಶೀರ್ಷಿಕೆಯ ಕೆಳಗೆ ಎತ್ತಿ ಬರೆದು, ಮೂಲದಲ್ಲಿ ಅದರ ಮೇಲೆ ಗೆರೆ ಎಳೆಯತಕ್ಕದ್ದು. ಹೀಗೆ ಮಾಡುವುದರಿಂದ ಎರಡು ಪ್ರಯೋಜನಗಳುಂಟು. ಕೊನೆಗೆ ಗೆರೆ ಬೀಳದೆ ಉಳಿಯುವ ಮಾತುಗಳು ಯಾವ ಶೀರ್ಷಿಕೆಗೂ ಸೇರದ ಪ್ರಶಂಸೆಗಳಾಗಿರುವುವು. “ಒಳ್ಳೆಯ ಗುಣ” ಎಂಬುದು ಇಲ್ಲಿ ಹಾಗೆ ಉಳಿಯಿತು. ಯಾರೂ ತಮ್ಮ ಮಗಳ ಗುಣ ಕೆಟ್ಟದೆಂದು ಬರೆಯುವುದಿಲ್ಲವಾದ ಕಾರಣ ಓದುವವರಿಗೆ ಅದರಿಂದ ತಿಳಿಯುವುದೇನೂ ಇಲ್ಲ, ಅದನ್ನು ಬಿಟ್ಟುಬಿಡಬೇಕು. ಎರಡನೆಯದಾಗಿ, ಏನು ಇಲ್ಲವೆಂಬುದು ಕಣ್ಣಿಗೆ ಕಾಣುವುದು. ಈ ಟಿಪ್ಪಣಿಯಲ್ಲಿ ಅಮೆರಿಕದ ಚಿಕ್ಕಪ್ಪನಿದ್ದನು, ತಾಯಿಯೇ ಇರಲಿಲ್ಲ. ತಂದೆಯವರು ಯಾವ ಕೆಲಸದಿಂದ ನಿವೃತ್ತರಾದರೆಂಬುದಾಗಲಿ, ಹುಡುಗಿಯು ಯಾವ ವರ್ಷದಲ್ಲಿ ಪದವಿಯನ್ನು ಪಡೆದಳೆಂಬುದಾಗಲಿ ಇರಲಿಲ್ಲ.

ಆಮೇಲೆ ದಾಖಲೆಗಳನ್ನು ತರಿಸಿ ಪಕ್ಕದಲ್ಲಿಟ್ಟುಕೊಳ್ಳಬೇಕು. ಜನನ ಪ್ರಮಾಣಪತ್ರ, ಜಾತಕದ ಮೂಲ ಪ್ರತಿ, ಪದವಿಯ ಪ್ರಮಾಣಪತ್ರ, ಈಚಿನ ವೇತನ ಚೀಟಿ, ಇವು ನಾಲ್ಕು ಸಾಕು. ನೆನಪಿನಿಂದ ಬರೆದುದನ್ನು ದಾಖಲೆಯೊಡನೆ ಹೋಲಿಸದೆ ಪುಟಕ್ಕೆ ಏರಿಸಬಾರದು. ಏಕೆಂಬುದು ಮೊದಲನೆಯ ಭಾಗದಲ್ಲಿಯೇ ತಿಳಿಯುವುದು.

ಸ್ವವಿವರ

ಈ ಟಿಪ್ಪಣಿಯಲ್ಲಿ ಜನ್ಮದಿನದ ಸಾಲು ಒಂದೇ ಆದರೂ ಅದರಲ್ಲಿ ಎರಡು ತೊಡಕುಗಳಿದ್ದುವು. ಮೊದಲನೆಯದು ದಿನಾಂಕದ್ದು. ನಮ್ಮ ಪಂಚಾಂಗದಲ್ಲಿ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ ನಡೆಯುವುದು. ಇಂಗ್ಲಿಷ್ ಕ್ಯಾಲೆಂಡರಿನ ದಿನವಾದರೋ ನಡುರಾತ್ರಿಗೆ ಬದಲಾಗುವುದು. ಆದುದರಿಂದ ನಡುರಾತ್ರಿ ಕಳೆದು ಸೂರ್ಯೋದಯಕ್ಕೆ ಮುಂಚೆ ಹುಟ್ಟಿದವರಿಗೆ ಎರಡು ಲೆಕ್ಕಗಳಲ್ಲಿ ಎರಡು ವಾರಗಳು ಬರುವುವು. ಜಾತಕ ಬರೆದ ಜೋಯಿಸರು “ಧಾತು ಸಂವತ್ಸರ, ಕಾರ್ತಿಕ ಶುದ್ಧ ಪೂರ್ಣಿಮೆ, ಭಾನುವಾರ ರಾತ್ರಿ ಗಂಟೆ 1-20” ಎಂದು ಸರಿಯಾಗಿಯೇ ಬರೆದಿದ್ದರು. ಮನೆಯವರು ಆ ಭಾನುವಾರದ ದಿನಾಂಕ 24 ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿ ಅದನ್ನೇ ಸೇರಿಸಿಕೊಂಡರು. ಆದರೆ ಆ ರಾತ್ರಿ 1-20ಕ್ಕೆ ಕ್ಯಾಲೆಂಡರಿನಲ್ಲಿ 25ನೆಯ ತಾರೀಖು ಸೋಮವಾರವು ಪ್ರಾರಂಭವಾಗಿತ್ತು. ಜನನ ಪ್ರಮಾಣಪತ್ರದಲ್ಲಿಯೂ 25-11-1996 ಎಂದೇ ಇತ್ತು.

ಒಂದು ದಿನದ ವ್ಯತ್ಯಾಸದಿಂದ ಏನಾಯಿತೆಂದು ಕೇಳಬಹುದು. ಚಂದ್ರನು ಒಂದು ನಕ್ಷತ್ರವನ್ನು ದಾಟಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುವುದು. ಈಗ ವಿವರಪತ್ರ ತಲುಪಿದ ಕೂಡಲೇ ವರನ ಕಡೆಯವರು ದಿನಾಂಕ, ವೇಳೆ, ಊರುಗಳನ್ನು ಗಣಕಯಂತ್ರಕ್ಕೆ ಕೊಟ್ಟು ತಾವೇ ನಕ್ಷತ್ರವನ್ನು ತೆಗೆಯುವರು. 24ನೆಯ ತಾರೀಖು ರಾತ್ರಿ 1-20 ಎಂದು ಕೊಟ್ಟರೆ ಅದು ಶನಿವಾರದ ರಾತ್ರಿಯಾಗಿ, ಭರಣೀ ನಕ್ಷತ್ರ ಬರುವುದು. ಹಾಳೆಯಲ್ಲಿಯೋ ಕೃತ್ತಿಕಾ ಎಂದಿರುವುದು. ಓದಿದವರು “ಇವರು ಹೊಂದಾಣಿಕೆಗಾಗಿ ನಕ್ಷತ್ರವನ್ನೇ ಬದಲಿಸಿದ್ದಾರೆ” ಎಂದು ತಿಳಿದು ಸುಮ್ಮನಾಗುವರೇ ಹೊರತು, ನಮ್ಮನ್ನು ಕೇಳುವ ಶ್ರಮವನ್ನು ತೆಗೆದುಕೊಳ್ಳುವುದಿಲ್ಲ. ಆ ಗೃಹಸ್ಥರು ಅದಕ್ಕೆ ಮುಂಚೆ ತಾವೇ ಬರೆದ ಹಾಳೆಯನ್ನು ಎಂಟು ಕಡೆಗೆ ಕಳುಹಿಸಿದ್ದರು. ಆರು ಕಡೆಗಳಿಂದ ಉತ್ತರವೇ ಬಂದಿರಲಿಲ್ಲ. ಕಾರಣವು ಇದೇ ಎಂದು ನಾನು ಹೇಳಲಾರೆನು. ಆದರೆ ಇದು ಕಾರಣವಾಗುವುದಕ್ಕೆ ಸಾಕಷ್ಟಾಗಿತ್ತು.

ಪರಿಹಾರವು ಸುಲಭ. ದಿನಾಂಕವನ್ನು ಜನನ ಪ್ರಮಾಣಪತ್ರದಂತೆ ಬರೆದು, ಪಂಚಾಂಗದ ವಾರವನ್ನು ಆವರಣದಲ್ಲಿ ಸೇರಿಸಬೇಕು. ಹಗಲಿನಲ್ಲಿ ಅಥವಾ ನಡುರಾತ್ರಿಗೆ ಮೊದಲು ಹುಟ್ಟಿದವರಿಗೆ ಈ ತೊಡಕಿಲ್ಲ. “ರಾತ್ರಿ” ಎಂಬ ಮಾತಿನ ಮುಂದೆ 12ರಿಂದ 6ರವರೆಗಿನ ಗಂಟೆ ಕಂಡಲ್ಲಿ ಮಾತ್ರ ನಿಂತು ವಿಚಾರಿಸಬೇಕು.

ಎರಡನೆಯ ತೊಡಕು ರಾಶಿಯದು. ನಕ್ಷತ್ರಗಳು 27, ಒಂದೊಂದಕ್ಕೆ 4 ಪಾದಗಳಂತೆ ಒಟ್ಟು 108. ರಾಶಿಗಳು 12; ಆದುದರಿಂದ ಒಂದೊಂದು ರಾಶಿಗೆ 9 ಪಾದಗಳು. ಅಶ್ವಿನಿಯ ನಾಲ್ಕು, ಭರಣಿಯ ನಾಲ್ಕು, ಕೃತ್ತಿಕೆಯ ಒಂದು, ಇಲ್ಲಿಗೆ ಮೇಷವು ಮುಗಿಯಿತು. ಕೃತ್ತಿಕೆಯ ಮಿಕ್ಕ ಮೂರು ಪಾದಗಳೂ ವೃಷಭಕ್ಕೆ ಸೇರುವುವು. ಹೀಗಿರುವಲ್ಲಿ “ಕೃತ್ತಿಕಾ 3ನೆಯ ಪಾದ, ಮೇಷ” ಎಂಬುದು ಇರಲಾರದು: ಪಾದವು ತಪ್ಪಾಗಿರಬೇಕು, ಇಲ್ಲವೇ ರಾಶಿಯು ತಪ್ಪಾಗಿರಬೇಕು. ಯಾವುದೆಂದು ನಿರ್ಣಯಿಸಲು ಜಾತಕದ ಮೂಲದಲ್ಲಿ ಜನ್ಮನಾಮದ ಅಕ್ಷರವನ್ನು ನೋಡಿದೆವು. ಕೃತ್ತಿಕೆಯ ನಾಲ್ಕು ಪಾದಗಳಿಗೆ ಕ್ರಮವಾಗಿ ಅ, ಇ, ಉ, ಎ ಎಂಬ ಅಕ್ಷರಗಳು. ಅಲ್ಲಿ “ಉ” ಎಂದಿತ್ತು. ಅದುಕಾರಣ ಪಾದವು ಮೂರನೆಯದೇ, ರಾಶಿಯು ವೃಷಭವೇ. ಮನೆಯವರು ಮೇಷವೆಂದು ಬರೆದದ್ದು ಯಾರೋ ಬಾಯಿಂದ ಹೇಳಿದುದನ್ನು ಕೇಳಿ.

ಹೀಗೆ ಎರಡು ರಾಶಿಗಳಿಗೆ ಹಂಚಿಹೋಗಿರುವ ನಕ್ಷತ್ರಗಳು ಒಂಬತ್ತು: ಕೃತ್ತಿಕಾ, ಮೃಗಶಿರಾ, ಪುನರ್ವಸು, ಉತ್ತರಾ, ಚಿತ್ತಾ, ವಿಶಾಖಾ, ಉತ್ತರಾಷಾಢಾ, ಧನಿಷ್ಠಾ, ಪೂರ್ವಾಭಾದ್ರಾ. ಇವುಗಳಲ್ಲಿ ಹುಟ್ಟಿದವರ ಹಾಳೆಯಲ್ಲಿ ಪಾದವನ್ನು ಬರೆಯಲೇಬೇಕು. ಮಿಕ್ಕವುಗಳಿಗೆ ನಕ್ಷತ್ರದಿಂದಲೇ ರಾಶಿ ತಿಳಿಯುವುದು. “ಉತ್ತರ ನಕ್ಷತ್ರ” ಎಂದಷ್ಟೇ ಬರೆಯುವುದೂ ಸಲ್ಲದು. ಉತ್ತರಾ ಫಲ್ಗುನಿ, ಉತ್ತರಾಷಾಢಾ, ಉತ್ತರಾಭಾದ್ರಾ ಎಂದು ಮೂರಿರುವುದರಿಂದ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. ಜಾತಕವನ್ನು ನೋಡದ ಮನೆಗಳವರು ಈ ಸಾಲುಗಳನ್ನೆಲ್ಲ ಬಿಟ್ಟು ಜನ್ಮದಿನವೊಂದನ್ನೇ ಬರೆದರೆ ಸಾಕು. ಬರೆಯುವುದಾದರೆ ಸರಿಯಾಗಿ ಬರೆಯಬೇಕೆಂಬುದಷ್ಟೇ ನನ್ನ ಅಭಿಪ್ರಾಯ.

ಸ್ವವಿವರದಲ್ಲಿ ಇನ್ನೆರಡು ಮಾತುಗಳು. ವಯಸ್ಸನ್ನು ಬರೆಯಬೇಡಿರಿ, ಹಾಳೆಯು ವರ್ಷಗಟ್ಟಲೆ ತಿರುಗಾಡುವುದರಿಂದ ಅದು ಬೇಗ ಸುಳ್ಳಾಗುವುದು. ಜನ್ಮದಿನವು ಸುಳ್ಳಾಗುವುದಿಲ್ಲ. ಎತ್ತರವನ್ನು “5.3” ಎಂದು ಚುಕ್ಕೆಯಿಟ್ಟು ಬರೆದರೆ ಐದು ಅಡಿ ಮೂರು ಅಂಗುಲವೋ, ಐದೂ ಹತ್ತನೆಯ ಮೂರು ಅಡಿಯೋ ತಿಳಿಯದು. “5.10” ಎಂದು ಬರೆದಲ್ಲಿ ಗೊಂದಲವು ಇನ್ನೂ ಹೆಚ್ಚು. “5 ಅಡಿ 3 ಅಂಗುಲ” ಎಂದೇ ಬರೆಯತಕ್ಕದ್ದು. ಕನ್ಯೆಗಾಗಲಿ ವರನಿಗಾಗಲಿ ಹಿಂದೆ ವಿವಾಹವಾಗಿದ್ದು ವಿಚ್ಛೇದನವಾಗಿದ್ದರೆ, ಅಥವಾ ಸಂಗಾತಿಯು ತೀರಿಕೊಂಡಿದ್ದರೆ, ಆ ಸಂಗತಿಯು ಇದೇ ಭಾಗದಲ್ಲಿ ಒಂದು ಸಾಲಾಗಿ ಬರಬೇಕು. 1955ರ ಹಿಂದೂ ವಿವಾಹ ಶಾಸನದ 12ನೆಯ ಪ್ರಕರಣದಂತೆ, ಒಬ್ಬರ ಸ್ವಂತ ವಿಷಯದಲ್ಲಿ ಮುಖ್ಯವಾದ ಸಂಗತಿಯನ್ನು ವಂಚನೆಯಿಂದ ಮರೆಮಾಡಿ ಇನ್ನೊಬ್ಬರ ಸಮ್ಮತಿಯನ್ನು ಪಡೆದಿದ್ದರೆ, ವಂಚನೆಯು ಬಯಲಾದ ಒಂದು ವರ್ಷದೊಳಗೆ ಅವರು ನ್ಯಾಯಾಲಯಕ್ಕೆ ಹೋಗಿ ವಿವಾಹವನ್ನು ರದ್ದುಮಾಡಬೇಕೆಂದು ಕೇಳಬಹುದು.

ವಿದ್ಯೆ ಮತ್ತು ಉದ್ಯೋಗ

ಇಲ್ಲಿ ಎಲ್ಲಕ್ಕಿಂತ ಮೇಲಿನ ಪದವಿಯನ್ನು ಮೊದಲು ಬರೆಯಬೇಕು: ಪದವಿ, ವಿಷಯ, ವಿಶ್ವವಿದ್ಯಾಲಯ, ತೇರ್ಗಡೆಯಾದ ವರ್ಷ. ಪದವಿಯಿದ್ದಲ್ಲಿ ಪಿ.ಯು.ಸಿ.ಯ ಅಂಕಗಳು ಅನಾವಶ್ಯಕ. ಎಂ.ಟೆಕ್. ಎಲ್ಲಿ ನಡೆಯುತ್ತಿದೆಯೆಂದು ವಿಚಾರಿಸಿದಾಗ, ಹುಡುಗಿಯು ಅದಕ್ಕೆ ಸೇರಿದ್ದಳು, ಉದ್ಯೋಗದ ಒತ್ತಡದಿಂದ ಎರಡನೆಯ ವರ್ಷದಲ್ಲಿ ಬಿಟ್ಟಳು ಎಂದು ತಿಳಿಯಿತು. ಬಿಟ್ಟ ವ್ಯಾಸಂಗವನ್ನು “ಮಾಡುತ್ತಿದ್ದಾಳೆ” ಎಂದು ಬರೆಯಲಾಗದು. ಅದನ್ನು ತೆಗೆದುಹಾಕಿದರೆ ಹಾಳೆಗೆ ಕೊರತೆಯೇನೂ ಆಗಲಿಲ್ಲ, ಬಿ.ಇ. ಪದವಿಯ ಸಾಲು ಸ್ಪಷ್ಟವಾಗಿ ನಿಂತಿತು.

ಸಂಬಳದ ಮಾತಿನಲ್ಲಿ ಬಹಳ ಮಂದಿಗೆ ಗೊಂದಲವುಂಟು. ಖಾಸಗಿ ಸಂಸ್ಥೆಯವರು ನೇಮಕದ ಪತ್ರದಲ್ಲಿ ಹೇಳುವ ವಾರ್ಷಿಕ ಮೊತ್ತದಲ್ಲಿ ಭವಿಷ್ಯನಿಧಿಗೆ ಅವರು ಕಟ್ಟುವ ಪಾಲು, ಉಪದಾನ ಮೊದಲಾದವು ಸೇರಿರುವುವು. ಅದನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಕೈಗೆ ಬರುವ ಸಂಬಳವಲ್ಲ. ಈ ಹುಡುಗಿಯ ಪತ್ರದಲ್ಲಿ 12 ಲಕ್ಷವಿತ್ತು; ಅದರಿಂದ ತಂದೆಯವರು ತಿಂಗಳಿಗೆ 1 ಲಕ್ಷವೆಂದು ಬರೆದರು; ವೇತನ ಚೀಟಿಯಲ್ಲಿ ಕೈಗೆ ಬಂದದ್ದು ಸುಮಾರು 82,000. ಆದುದರಿಂದ “ವಾರ್ಷಿಕ 12 ಲಕ್ಷ ರೂಪಾಯಿ, ಎಲ್ಲ ಸೇರಿ” ಎಂದು ಬರೆದೆವು. ಯಾವ ಲೆಕ್ಕದ ಮೊತ್ತವೆಂಬುದನ್ನು ಎರಡು ಪದಗಳಲ್ಲಿ ಸೇರಿಸಿಬಿಟ್ಟರೆ ಮುಂದೆ ಯಾರೂ ನಮ್ಮ ಮಾತನ್ನು ಆಡಿ ತೋರಿಸುವಂತಿಲ್ಲ.

ಕುಟುಂಬ

ಕುಟುಂಬದ ಭಾಗದಲ್ಲಿ ತಂದೆ, ತಾಯಿ, ಒಡಹುಟ್ಟಿದವರು, ಗೋತ್ರ, ಮೂಲಸ್ಥಳ, ಇಷ್ಟೇ ಇರತಕ್ಕದ್ದು. ಗೋತ್ರದ ಹೆಸರನ್ನು ಬರೆಯುವಾಗ ಅಕ್ಷರಗಳನ್ನು ನೋಡಿಕೊಳ್ಳಬೇಕು: ಭಾರದ್ವಾಜ ಎಂಬುದೇ ಸರಿ, ಭಾರಧ್ವಾಜ ಎಂಬುದು ತಪ್ಪು. ಗೋತ್ರಕ್ಕೆ ಬದಲಾಗಿ ಬೆಡಗನ್ನು ಹೇಳುವವರು ಬೆಡಗನ್ನು ಬರೆಯಲಿ. ತುಳುನಾಡಿನವರು ತಾಯಿಯ ಕಡೆಯಿಂದ ಬರುವ ಬರಿಯನ್ನು ಬರೆಯಲಿ. ಇದು ಒಂದೇ ಆಗಿದ್ದರೆ ಸಂಬಂಧ ಬೇಡವೆನ್ನುವವರು ಬಹಳವಿರುವುದರಿಂದ, ಮಾತು ಮುಂದುವರಿದ ಮೇಲೆ ತಿಳಿಯುವುದಕ್ಕಿಂತ ಹಾಳೆಯಲ್ಲಿಯೇ ತಿಳಿಯುವುದು ಲೇಸು.

ಆಸ್ತಿಯ ಮಾತಿಗೆ ಬಂದರೆ, “ಸ್ವಂತ ಮನೆ” ಎಂಬುದನ್ನು ಉಳಿಸಿ, ಹುಡುಗಿಯ ಪಾಲಿನ ಮಾತನ್ನು ತೆಗೆದೆವು. ಮದುವೆಗೆ ಪ್ರತಿಫಲವಾಗಿ ಹಣವನ್ನಾಗಲಿ ಆಸ್ತಿಯ ಪಾಲನ್ನಾಗಲಿ ಕೊಡುವೆವೆಂದು ಪತ್ರಿಕೆಯಲ್ಲಿ ಅಥವಾ ಬೇರಾವ ಮಾಧ್ಯಮದಲ್ಲಾದರೂ ಜಾಹೀರು ಮಾಡುವುದು 1961ರ ವರದಕ್ಷಿಣೆ ನಿಷೇಧ ಶಾಸನದಂತೆ ಅಪರಾಧ. ಮಗಳಿಗೆ ನ್ಯಾಯವಾಗಿ ಸೇರಬೇಕಾದ ಪಾಲು ಹಾಳೆಯಲ್ಲಿ ಬರೆಯದಿದ್ದರೂ ಅವಳಿಗೆ ಸೇರಿಯೇ ಸೇರುವುದು.

ಇನ್ನು ಉಳಿದದ್ದು “ಅಕ್ಕನಿಗೆ ಮದುವೆಯಾಗಿದೆ” ಎಂಬ ಸಾಲು. ಅಕ್ಕನ ಪತಿಯ ಉದ್ಯೋಗವೇನೆಂದು ನಾನು ಕೇಳಿದಾಗ ಗೃಹಸ್ಥರು ಸುಮ್ಮನಾದರು. ಅವಳಿಗೆ ಮದುವೆಯಾಗಿದ್ದುದು ನಿಜ; ವಿಚ್ಛೇದನವಾಗಿ ಮೂರು ವರ್ಷಗಳಾಗಿದ್ದುವು. ಮಗನೊಡನೆ ತವರಿನಲ್ಲಿದ್ದು ಬ್ಯಾಂಕಿನ ಉದ್ಯೋಗದಿಂದ ಸ್ವಂತವಾಗಿ ಜೀವಿಸುತ್ತಿದ್ದಳು. ಮರುದಿನ ತಾಯಿಯೇ ಬಂದು, “ಮೇಷ್ಟ್ರೇ, ದೊಡ್ಡವಳ ಸಂಗತಿ ಬರೆದರೆ ಚಿಕ್ಕವಳಿಗೆ ಗಂಡು ಬರುವುದಿಲ್ಲ. ಅವಳ ಹೆಸರನ್ನೇ ಬಿಟ್ಟುಬಿಡಿ” ಎಂದರು.

ಇದು ಸಾಮಾನ್ಯವಾದ ಸಂಕಟ. ಇದಕ್ಕೆ ಮೂರು ದಾರಿಗಳುಂಟು. ಹೆಸರನ್ನೇ ಬಿಡುವುದು ಒಂದು. ಹಾಗೆ ಮಾಡಿದರೆ ಹೆಣ್ಣು ನೋಡಲು ಬಂದವರಿಗೆ ಬಾಗಿಲು ತೆರೆಯುವವಳೇ ಹಾಳೆಯಲ್ಲಿಲ್ಲದ ಮಗಳಾಗುವಳು. ಅಲ್ಲದೆ ತನ್ನನ್ನು ಮನೆಯ ಲೆಕ್ಕದಿಂದ ತೆಗೆದುಹಾಕಿದ ಕಾಗದವನ್ನು ಆ ದೊಡ್ಡವಳೂ ಓದಬೇಕಾಗುವುದು. “ಮದುವೆಯಾಗಿದೆ” ಎಂದು ಬರೆಯುವುದು ಎರಡನೆಯ ದಾರಿ. ಅದರ ಅಕ್ಷರಗಳು ನಿಜ, ಅರ್ಥವು ಸುಳ್ಳು. ಓದಿದವರು ಮೋಸವಾಯಿತೆಂದರೆ ಅವರನ್ನು ತಪ್ಪೆನ್ನಲಾಗದು. ಮೂರನೆಯದು, ಅವಳು ಈಗ ಹೇಗಿರುವಳೋ ಹಾಗೆ ಬರೆಯುವುದು: “ಅಕ್ಕ: ಎಂ.ಕಾಂ., ಬ್ಯಾಂಕಿನಲ್ಲಿ ಅಧಿಕಾರಿ, ಒಬ್ಬ ಮಗ, ತಂದೆತಾಯಿಗಳೊಡನೆ ವಾಸ.” ಈ ಸಾಲಿನಲ್ಲಿ ಸುಳ್ಳೊಂದೂ ಇಲ್ಲ, ಅವಳ ದುಃಖವನ್ನು ಊರೆಲ್ಲ ಸಾರುವ ಮಾತೂ ಇಲ್ಲ. ತಿಳಿವಳಿಕೆಯುಳ್ಳವರು ಓದಿದ ಕೂಡಲೇ ಅರ್ಥಮಾಡಿಕೊಳ್ಳುವರು. ಅರ್ಥವಾಗದವರಿಗೆ ಮೊದಲನೆಯ ಸಂಭಾಷಣೆಯಲ್ಲಿಯೇ ತಂದೆಯವರು ತಾವಾಗಿ ತಿಳಿಸಬೇಕು. ಹೆಣ್ಣು ನೋಡಲು ಬರುವವರೆಗೆ ಕಾಯಬಾರದು.

ವಧೂವರರ ಸ್ವಂತ ಸಂಗತಿಗೂ ಮನೆಯ ಇತರರ ಸಂಗತಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಮೊದಲನೆಯದನ್ನು ಬಿಡಿಸಿ ಬರೆಯತಕ್ಕದ್ದು. ಎರಡನೆಯದನ್ನು ಅವರ ಮಾನಕ್ಕೆ ಕುಂದು ಬಾರದಂತೆ, ಆದರೆ ಓದುವವರು ತಪ್ಪು ತಿಳಿಯದಂತೆ ಬರೆಯತಕ್ಕದ್ದು. ಸಾಲನ್ನು ಅಂತಿಮಗೊಳಿಸುವ ಮೊದಲು ಅಕ್ಕನಿಗೇ ತೋರಿಸಬೇಕೆಂದು ಹೇಳಿದೆನು. ಅವಳು ಓದಿ, “ಬ್ಯಾಂಕಿನಲ್ಲಿ ಉದ್ಯೋಗ” ಎಂದಿದ್ದುದನ್ನು “ಅಧಿಕಾರಿ” ಎಂದು ತಿದ್ದಿ ಕಳುಹಿಸಿದಳು.

ಸಂಪರ್ಕ

ಸಂಪರ್ಕದ ಭಾಗವು ಚಿಕ್ಕದಾದರೂ ಎಚ್ಚರಿಕೆಯಿಂದ ಬರೆಯಬೇಕಾದುದು. ಹಾಳೆಯು ಕೈಯಿಂದ ಕೈಗೆ ಹೋಗಿ ಕೊನೆಗೆ ಯಾರಲ್ಲಿ ಉಳಿಯುವುದೋ ನಮಗೆ ತಿಳಿಯದು. ಕಳುಹಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಬಾರದು. ಆದುದರಿಂದ ಕನ್ಯೆಯ ಸ್ವಂತ ಮೊಬೈಲಿನ ಸಂಖ್ಯೆಯನ್ನೂ, ಮನೆಯ ಬಾಗಿಲು ಸಂಖ್ಯೆಯನ್ನೂ, ಅವಳು ಕೆಲಸ ಮಾಡುವ ಕಟ್ಟಡದ ವಿಳಾಸವನ್ನೂ ಬರೆಯಬಾರದು. ಅಪರಿಚಿತರು ಹೊತ್ತಲ್ಲದ ಹೊತ್ತಿನಲ್ಲಿ ಕರೆದು ಪೀಡಿಸುವುದಕ್ಕೆ ಇಂತಹ ಹಾಳೆಗಳೇ ಎಡೆಕೊಡುವುವು. ತಂದೆಯವರ ಸಂಖ್ಯೆಯೊಂದು, ಅವರು ಸಿಕ್ಕದಿದ್ದಲ್ಲಿ ಸೋದರಮಾವನವರ ಸಂಖ್ಯೆಯೊಂದು, ಊರು ಮತ್ತು ಬಡಾವಣೆ, ಇಷ್ಟು ಸಾಕು. ಸಂಖ್ಯೆಯ ಮುಂದೆ ಮಾತನಾಡುವವರ ಹೆಸರು ಮತ್ತು ಸಂಬಂಧವನ್ನು ಬರೆಯಬೇಕು. ಹತ್ತು ಅಂಕೆಗಳನ್ನು ಐದೈದಾಗಿ ಬಿಡಿಸಿ ಬರೆದರೆ ಓದುವಾಗ ತಪ್ಪುವುದಿಲ್ಲ. ಬರೆದಾದ ಮೇಲೆ ಹಾಳೆಯನ್ನೇ ನೋಡಿ ಆ ಸಂಖ್ಯೆಗೆ ಒಮ್ಮೆ ಕರೆದು ನೋಡಬೇಕು.

ಅಪೇಕ್ಷೆಯ ಮಾತು ಎರಡು ಸಾಲುಗಳನ್ನು ಮೀರಬಾರದು. ಅದನ್ನು ಹುಡುಗಿಯಿಂದಲೇ ಕೇಳಿ ಬರೆಯಬೇಕು. ತಂದೆಯವರು “ಸಂಸ್ಕಾರವಂತ ಕುಟುಂಬ” ಎಂದಿದ್ದರು. ಹುಡುಗಿಯು ಹೇಳಿದ್ದು, ಮದುವೆಯ ಬಳಿಕವೂ ಉದ್ಯೋಗದಲ್ಲಿರಬೇಕೆಂದು, ಬೆಂಗಳೂರು ಅಥವಾ ಮೈಸೂರಿನಲ್ಲಿ ವಾಸಿಸಬೇಕೆಂದು. ಇದನ್ನು ಓದಿದವರಿಗೆ ತಮಗೆ ಒಪ್ಪುವುದೋ ಇಲ್ಲವೋ ಎಂದು ಕೂಡಲೇ ತಿಳಿಯುವುದು.

ಪುಟದ ಅಂದ

ಕಾಗದವು ಎ-4 ಅಳತೆಯದಾಗಿರಲಿ. ನಾಲ್ಕು ಅಂಚುಗಳಲ್ಲಿಯೂ 2 ಸೆಂಟಿಮೀಟರ್ ಬಿಡಿರಿ. ಅಕ್ಷರವು 12 ಪಾಯಿಂಟಿನದು, ಶೀರ್ಷಿಕೆಗಳು 14 ಪಾಯಿಂಟಿನವು. ಈ ಅಳತೆಯಲ್ಲಿ ಸಾಲುಗಳ ನಡುವೆ ಸ್ವಲ್ಪ ಎಡೆಯಿಟ್ಟರೂ ಪುಟದಲ್ಲಿ ನಲವತ್ತು ಸಾಲುಗಳು ಹಿಡಿಸುವುವು. ನಮಗೆ ಬೇಕಾದುದು ಇಪ್ಪತ್ತೈದರಷ್ಟು ಮಾತ್ರ. ಹಿಡಿಸದೆ ಹೋದರೆ ಅಕ್ಷರವನ್ನು ಚಿಕ್ಕದು ಮಾಡಬೇಡಿರಿ, ಸಾಲನ್ನು ಕಡಿಮೆ ಮಾಡಿರಿ. ಓದುವ ಹಿರಿಯರು ಬಹುಮಟ್ಟಿಗೆ ಮೊಬೈಲಿನ ಸಣ್ಣ ಗಾಜಿನ ಮೇಲೆ ಓದುವರು. ಎಡಗಡೆ ವಿಷಯದ ಹೆಸರು, ಬಲಗಡೆ ವಿವರ, ಎರಡೂ ನೇರವಾದ ಎರಡು ಪಂಕ್ತಿಗಳಲ್ಲಿ ನಿಲ್ಲಬೇಕು. ಭಾವಚಿತ್ರವನ್ನು ಬೇರೆಯಾಗಿ, ಕೇಳಿದವರಿಗೆ ಮಾತ್ರ ಕಳುಹಿಸುವುದು ಮೇಲು.

ಕನ್ನಡದಲ್ಲಿ ಬೆರಳಚ್ಚು ಮಾಡಿಸುವವರು ಒಂದನ್ನು ನೋಡಿಕೊಳ್ಳಬೇಕು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಗಳಲ್ಲಿ ಮಾಡಿದ ಕಡತವನ್ನು ಹಾಗೆಯೇ ಕಳುಹಿಸಿದರೆ, ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುವುವು. ಯೂನಿಕೋಡ್ ಅಕ್ಷರಗಳಲ್ಲಿ ಮಾಡಿಸಿ, ಪಿ.ಡಿ.ಎಫ್. ರೂಪಕ್ಕೆ ತಂದು, ಮೊದಲು ಬೇರೊಬ್ಬರ ಮೊಬೈಲಿಗೆ ಕಳುಹಿಸಿ ನೋಡಿರಿ. ಪುಟದ ತುದಿಯಲ್ಲಿ ಬರೆದ ತಿಂಗಳನ್ನೂ ವರ್ಷವನ್ನೂ ನಮೂದಿಸಿದರೆ, ಹಳೆಯ ಪ್ರತಿಯು ಎಲ್ಲಿಯಾದರೂ ಕಂಡಾಗ ಹಳೆಯದೆಂದು ತಿಳಿಯುವುದು.

ಮೇಲಿನ ಟಿಪ್ಪಣಿಯು ಕೊನೆಗೆ ಪಡೆದ ರೂಪವು ಹೀಗಿತ್ತು:

ಸ್ವವಿವರ
ಹೆಸರು: ಚಿ|| ಸೌ|| (ಕನ್ಯೆಯ ಪೂರ್ಣ ಹೆಸರು)
ಜನ್ಮದಿನ: 25-11-1996, ಸೋಮವಾರ
ಜನ್ಮವೇಳೆ: ನಡುರಾತ್ರಿ ಕಳೆದು 1-20 (ಪಂಚಾಂಗ ರೀತ್ಯಾ ಭಾನುವಾರ ರಾತ್ರಿ)
ಜನ್ಮಸ್ಥಳ: ತುಮಕೂರು
ನಕ್ಷತ್ರ, ರಾಶಿ: ಕೃತ್ತಿಕಾ 3ನೆಯ ಪಾದ, ವೃಷಭ
ಎತ್ತರ: 5 ಅಡಿ 3 ಅಂಗುಲ
ಮಾತೃಭಾಷೆ: ಕನ್ನಡ
ಅಭಿರುಚಿ: ಕರ್ನಾಟಕ ಸಂಗೀತ (ಗಾಯನ)

ವಿದ್ಯೆ ಮತ್ತು ಉದ್ಯೋಗ
ವಿದ್ಯೆ: ಬಿ.ಇ. (ಎಲೆಕ್ಟ್ರಾನಿಕ್ಸ್), ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2018
ಉದ್ಯೋಗ: ತಂತ್ರಾಂಶ ಇಂಜಿನಿಯರ್, ಖಾಸಗಿ ಸಂಸ್ಥೆ, ಬೆಂಗಳೂರು, 2018ರಿಂದ
ವೇತನ: ವಾರ್ಷಿಕ 12 ಲಕ್ಷ ರೂಪಾಯಿ, ಎಲ್ಲ ಸೇರಿ

ಕುಟುಂಬ
ತಂದೆ: ಶ್ರೀ (ಹೆಸರು), ನಿವೃತ್ತ ಖಜಾನೆ ಅಧಿಕಾರಿ
ತಾಯಿ: ಶ್ರೀಮತಿ (ಹೆಸರು), ಗೃಹಿಣಿ
ಅಕ್ಕ: ಎಂ.ಕಾಂ., ಬ್ಯಾಂಕಿನಲ್ಲಿ ಅಧಿಕಾರಿ, ಒಬ್ಬ ಮಗ, ತಂದೆತಾಯಿಗಳೊಡನೆ ವಾಸ
ತಮ್ಮ: ಸ್ನಾತಕೋತ್ತರ ವ್ಯಾಸಂಗ, ಅವಿವಾಹಿತ
ಗೋತ್ರ: ಭಾರದ್ವಾಜ
ಮೂಲಸ್ಥಳ: ತುಮಕೂರು ಜಿಲ್ಲೆ, ಸ್ವಂತ ಮನೆ
ಅಪೇಕ್ಷೆ: ವಿವಾಹಾನಂತರವೂ ಉದ್ಯೋಗ, ಬೆಂಗಳೂರು ಅಥವಾ ಮೈಸೂರಿನಲ್ಲಿ ವಾಸ

ಸಂಪರ್ಕ
ತಂದೆ: (ಹೆಸರು, ಸಂಖ್ಯೆ), ಸಂಜೆ 6ರಿಂದ 8ರವರೆಗೆ
ಸೋದರಮಾವ: (ಹೆಸರು, ಸಂಖ್ಯೆ)
ಊರು: ತುಮಕೂರು, (ಬಡಾವಣೆ)
ಬರೆದ ತಿಂಗಳು, ವರ್ಷ

ಇದನ್ನು ಹೊರಗೆ ಕಳುಹಿಸುವ ಮೊದಲು ಯಾರ ವಿಷಯವಾಗಿ ಬರೆದಿದೆಯೋ ಅವರು ಒಮ್ಮೆ ಪೂರ್ತಿಯಾಗಿ ಓದಿ ಒಪ್ಪಿರಬೇಕು. ಮೊದಲು ಮಾತನಾಡಲು ಬಂದವರು ಕೇಳುವ ಪ್ರಶ್ನೆಗಳಿಗೆ ಅವಳೂ ಮನೆಯವರೂ ಒಂದೇ ಉತ್ತರವನ್ನು ಹೇಳುವುದಕ್ಕೆ ಇದೇ ಉಪಾಯ.

ವರನ ವಿವರಪತ್ರದಲ್ಲಿ ಸ್ವಂತ ಉದ್ಯಮವನ್ನೂ ಕೃಷಿಯ ಆದಾಯವನ್ನೂ ಹೇಗೆ ಬರೆಯಬೇಕೆಂದು ಕೆಲವು ವಾಚಕರು ಕೇಳಿರುವರು. ತಿಂಗಳಿಗೆ ಇಷ್ಟೆಂದು ನಿಗದಿಯಿಲ್ಲದ ವರಮಾನವನ್ನು ಬರೆಯುವುದು ಬೇರೆಯೇ ಕ್ರಮವಾದುದರಿಂದ, ಅದನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸಲಾಗುವುದು.